ಯುಸಿಎಸ್ ತಿರುಗಿಸಿದರೂ ಸರ್ವೆ ಪಾಯಿಂಟ್ ಕೂರುತ್ತಿಲ್ಲ

ಪ್ರಶ್ನೆ: ಆಟೋಕ್ಯಾಡ್‌ನಲ್ಲಿ ಸೈಟ್ ಪ್ಲಾನ್ ಅನ್ನು 0,0 ಹತ್ತಿರ ನೇರವಾಗಿ ಬರೆದಿದ್ದೇನೆ. ಸರ್ವೆಯವರ ಫೈಲ್‌ಗೆ ಹೊಂದಲಿ ಅಂತ UCS ತಿರುಗಿಸಿಟ್ಟೆ. ಆದರೂ ಎಕ್ಸ್‌ರೆಫ್ ಹಾಕಿದರೆ ಅದು ಎಲ್ಲೋ ದೂರ ಹೋಗಿ ಬೀಳುತ್ತದೆ. ಯಾಕೆ?

ಉತ್ತರ: UCS ಯಾವ ಗೆರೆಯನ್ನೂ ಜರುಗಿಸುವುದಿಲ್ಲ, ನೀವು ಅಳೆಯುವ ಪಟ್ಟಿಯನ್ನು ಮಾತ್ರ ತಿರುಗಿಸುತ್ತದೆ. ನಿಮ್ಮ ಕಟ್ಟಡ ಇನ್ನೂ ವರ್ಲ್ಡ್‌ನ 0,0 ಹತ್ತಿರವೇ ಇದೆ. ಎಲ್ಲರೂ ಹಂಚಿಕೊಳ್ಳುವ ಮೂಲಬಿಂದು ಸರ್ವೆಯ 0,0. ಮೊದಲು ಡ್ರಾಯಿಂಗ್ ಅಲ್ಲಿಗೆ ಹೋಗಬೇಕು, UCS ಆಮೇಲೆ.

ಒಂದು ಲೆಕ್ಕ ನೋಡಿ. ನಿಮ್ಮಲ್ಲಿ 0,0 ಮತ್ತು 100,0 ಇರುವ ಎರಡು ಗಡಿಕಲ್ಲುಗಳು ಸರ್ವೆಯಲ್ಲಿ 412340,2835210 ಮತ್ತು 412420,2835270 ಎಂದುಕೊಳ್ಳಿ. ಅಡ್ಡ 80, ಉದ್ದ 60, ಅಂದರೆ ಅಂತರ ಸರಿಯಾಗಿ 100 ಮೀಟರ್. ನಿಮ್ಮದು ಮಿಲಿಮೀಟರ್‌ನಲ್ಲಿದ್ದರೆ 0,0 ಹಿಡಿದು `SCALE` 0.001 ಮಾಡಿ, `INSUNITS` 6 ಇಡಿ. F12 ಒತ್ತಿ ಡೈನಾಮಿಕ್ ಇನ್‌ಪುಟ್ ಆರಿಸಿ. ಇಲ್ಲದಿದ್ದರೆ ನೀವು ಟೈಪಿಸಿದ್ದನ್ನು ಹಿಂದಿನ ಬಿಂದುವಿನಿಂದ ಎಣಿಸಿಬಿಡುತ್ತದೆ.

```
UCS  W
ALIGN  (ಎಲ್ಲವನ್ನೂ ಆರಿಸಿ)
0,0     412340,2835210
100,0   412420,2835270
Enter,  N
```

ಕೊನೆಯ N ಮುಖ್ಯ. ಅಲ್ಲಿ Yes ಕೊಟ್ಟರೆ ಅಂತರ ಕೂಡಿಸಲು ಕಟ್ಟಡವನ್ನೇ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಸರ್ವೆ ಯುಟಿಎಂನಲ್ಲಿದ್ದರೆ ನಡುರೇಖಾಂಶದ ಮೇಲೆ ನೆಲದ 100 ಮೀಟರ್ 99.96 ಆಗಿ ಬರುತ್ತದೆ. ಆ 4 ಸೆಂಟಿಮೀಟರನ್ನು ಗೋಡೆಗಳ ಅಳತೆಯಿಂದ ಕಳೆಯಬೇಡಿ, ಸರ್ವೆಯವರನ್ನೇ ಕೇಳಿ.

ಈಗ UCS. `UCS` ಕೊಟ್ಟು ಮೊದಲ ಕಲ್ಲು, ಎರಡನೇ ಕಲ್ಲು, Enter. ಆಮೇಲೆ `UCS`, `NA`, `S` ಕೊಟ್ಟು ಒಂದು ಹೆಸರಿಡಿ. `PLAN`, `C` ಮಾಡಿದರೆ ಪ್ಲಾನ್ ಪರದೆಯಲ್ಲಿ ಮೊದಲಿನಂತೆ ನೇರವಾಗಿ ಕಾಣುತ್ತದೆ. ಒಳಗಿನ ಕೋಆರ್ಡಿನೇಟ್ ಮಾತ್ರ ಸರ್ವೆಯದೇ.

ಎಕ್ಸ್‌ರೆಫ್ ಹಾಕುವ ಮೊದಲು ಮತ್ತೆ `UCS`, `W`. ಇದನ್ನು ಮರೆಯುವವರು ಜಾಸ್ತಿ, ನಾನೂ ಮರೆತು ಅರ್ಧ ದಿನ ಕಳೆದಿದ್ದೇನೆ. ಸೇರಿಸುವ ಬಿಂದು 0,0,0 ಎಂದರೆ ಆಗ ಚಾಲ್ತಿಯಲ್ಲಿರುವ UCS‌ನ 0,0,0. ಹಾಗಾಗಿ ಸರ್ವೆ ಫೈಲ್ ನಿಮ್ಮ ಕಲ್ಲಿನಿಂದ ಎಣಿಸಿ, 36.87 ಡಿಗ್ರಿ ತಿರುಗಿ ಬೀಳುತ್ತದೆ.

ಎರಡು ಕಲ್ಲು ಕೂತವು ಅಂತ ಸುಮ್ನೆ ಬಿಡಬೇಡಿ. ಸರ್ವೆ ಪಟ್ಟಿಯಲ್ಲಿ ನಾರ್ಥಿಂಗ್ ಮೊದಲು ಬರುವುದುಂಟು. ಅದನ್ನು ಅದಲು ಬದಲು ಟೈಪಿಸಿದರೂ ಅಂತರ 100 ಆಗಿಯೇ ಕೂರುತ್ತದೆ, ಅಲ್ವಾ? ಮೂರನೇ ಬಿಂದು ನೋಡಿ. ನಿಮ್ಮ ಹಳೆಯ 40,30ರಲ್ಲಿದ್ದ ಮೂಲೆಯನ್ನು ವರ್ಲ್ಡ್‌ನಲ್ಲಿ `ID` ಮಾಡಿದರೆ 412354,2835258 ಬರಬೇಕು. ಆ ಜಾಗದಲ್ಲಿ ಸರ್ವೆಯವರು ಅಳೆದ ಬಿಂದುವೂ ಅಷ್ಟೇ ಹೇಳಿದರೆ ಕೆಲಸ ಮುಗಿಯಿತು.