ವಂಶಾವಳಿ ಬರೆದಿಡಲು ಪೇಪರ್ ಮತ್ತು ಇಂಕ್

"ನಮ್ಮ ಮನೆತನದ ವಂಶಾವಳಿಯನ್ನು ಕೈಯಲ್ಲೇ ಬರೆದಿಡಬೇಕು ಅಂತಿದ್ದೇನೆ. ಐವತ್ತು ವರ್ಷ ಬಾಳುವ ಪೇಪರ್, ಇಂಕ್ ಯಾವುದು? ಅಂಗಡಿಯವರು ಆಸಿಡ್ ಫ್ರೀ ಅಂದ್ರೆ ನಂಬಬಹುದಾ?"

ಆ ಮಾತೊಂದನ್ನೇ ನಂಬಬೇಡಿ. ನಮ್ಮ ಅಪ್ಪ 1986ರಲ್ಲಿ ಏಳು ತಲೆಮಾರಿನ ಹೆಸರು ಬರೆದು, ಫ್ರೇಮ್ ಹಾಕಿಸಿ, ಹಾಲ್‌ನಲ್ಲಿ ತೂಗುಹಾಕಿದ್ದರು. ಈಗ ಹಾಳೆ ಕಂದು ಬಣ್ಣಕ್ಕೆ ತಿರುಗಿದೆ, ಮೂಲೆ ಹಪ್ಪಳದ ಹಾಗೆ ಮುರಿಯುತ್ತದೆ. ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಎಷ್ಟೋ ಹೆಸರು ಓದಲಿಕ್ಕೇ ಆಗುವುದಿಲ್ಲ. ಹೇಳುವ ಹಿರಿಯರೂ ಈಗಿಲ್ಲ.

ಪೇಪರ್ ಒಳಗಿನ ನಾರನ್ನು ಆಸಿಡ್ ನಿಧಾನವಾಗಿ ತುಂಡು ಮಾಡುತ್ತದೆ. ಅಗ್ಗದ ಪೇಪರಿನಲ್ಲಿ ಮರದ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಅದು ವರ್ಷ ಕಳೆದಂತೆ ಹೊಸದಾಗಿ ಆಸಿಡ್ ಹುಟ್ಟಿಸುತ್ತದೆ. ಅಂದರೆ ಇವತ್ತು ಆಸಿಡ್ ಫ್ರೀ ಆಗಿರುವ ಹಾಳೆ ನಾಳೆ ಹಾಗೇ ಇರಬೇಕೆಂದಿಲ್ಲ. ಅದಕ್ಕೇ ಪ್ಯಾಕ್ ಮೇಲೆ ಐಎಸ್ಒ 9706 ಎಂದು ಇದೆಯಾ ನೋಡಿ. ಬಹುಕಾಲ ಬಾಳುವ ಪೇಪರಿಗೆ ಇರುವ ಈ ಅಂತರರಾಷ್ಟ್ರೀಯ ಮಾನದಂಡದಲ್ಲಿ ಲಿಗ್ನಿನ್‌ಗೆ ಮಿತಿಯಿದೆ. ಜೊತೆಗೆ ಮುಂದೆ ಬರುವ ಆಸಿಡ್ಡನ್ನು ಹೀರಿಕೊಳ್ಳಲು ಕನಿಷ್ಠ 2% ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಕ್ಷಾರ ಇರಲೇಬೇಕು. ಅದು ಸಿಗದಿದ್ದರೆ ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ 100% ಕಾಟನ್, ಆಸಿಡ್ ಫ್ರೀ ಹಾಳೆ ಕೇಳಿ. ಹಾಟ್ ಪ್ರೆಸ್ ಅನ್ನುವ ನುಣುಪು ಬಗೆಯೇ ಬೇಕು, ಒರಟು ಹಾಳೆಯಲ್ಲಿ ಸಣ್ಣ ಅಕ್ಷರ ಕೂರುವುದಿಲ್ಲ.

ಪಿಎಚ್ ಪೆನ್ ಅಂತ ಒಂದು ಸಿಗುತ್ತದೆ. ಗೆರೆ ಎಳೆದಾಗ ನೇರಳೆಯಾದರೆ ಆಸಿಡ್ ಇಲ್ಲ, ಹಳದಿಯಾದರೆ ಇದೆ. ಗೆರೆ ಹಾಳೆಯ ಮೇಲೆ ಹಾಗೇ ಉಳಿಯುತ್ತದೆ, ಹಾಗಾಗಿ ಒಂದು ತುಂಡಿನ ಮೇಲೆ ಮಾತ್ರ ಪರೀಕ್ಷೆ ಮಾಡಿ. ತುಂಡನ್ನು ಹರಿದು ಆ ಅಂಚಿಗೂ ಗೆರೆ ಎಳೆಯಿರಿ. ಮೇಲೆ ಮಾತ್ರ ಕ್ಷಾರದ ಲೇಪ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಆದರೆ ಲಿಗ್ನಿನ್ ಇದೆಯೋ ಇಲ್ಲವೋ ಈ ಪೆನ್ ಹೇಳುವುದಿಲ್ಲ.

ಇಂಕ್ ವಿಷಯದಲ್ಲಿ ನೋಡಬೇಕಾದ್ದು ಡೈ ಇದೆಯೋ ಪಿಗ್ಮೆಂಟ್ ಇದೆಯೋ ಅನ್ನುವುದು. ಡೈ ಅಂದರೆ ಸಕ್ಕರೆಯ ಹಾಗೆ ಕರಗಿದ ಬಣ್ಣ, ಬೆಳಕಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಅಂದರೆ ಕರಗದ ಪುಡಿ. ಕಪ್ಪು ಪಿಗ್ಮೆಂಟ್ ಸಾಮಾನ್ಯವಾಗಿ ಕಾರ್ಬನ್, ನಮ್ಮ ಹಿರಿಯರು ದೀಪದ ಮಸಿಯಿಂದ ಮಾಡುತ್ತಿದ್ದ ಶಾಯಿಯಲ್ಲಿ ಇರುತ್ತಿದ್ದದ್ದೂ ಅದೇ. ಜೆಲ್ ಪೆನ್ ಎಲ್ಲವೂ ಪಿಗ್ಮೆಂಟ್ ಅಲ್ಲ, ಪೆನ್ನಿನ ಮೇಲೆ ಬರೆದಿದೆಯಾ ನೋಡಿ.

ಕೊಂಡ ಮೇಲೆ ನೀವೇ ಪರೀಕ್ಷಿಸಿ. ನಾನು ಮೂರು ಪೆನ್ನಿನಲ್ಲಿ ಒಂದೇ ಹೆಸರನ್ನು ಎರಡು ಚೀಟಿಯಲ್ಲಿ ಬರೆದು ಒಂದು ದಿನ ಒಣಗಲು ಬಿಟ್ಟೆ. ಒಂದು ಚೀಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಆರು ವಾರ ಅಂಟಿಸಿದೆ. ಇನ್ನೊಂದನ್ನು ಒಂದು ಗಂಟೆ ನೀರಲ್ಲಿ ನೆನೆಹಾಕಿದೆ. ಬಿಸಿಲಿಗೆ ನೀಲಿ ಬಾಲ್‌ಪೆನ್ ಮಂಕಾಯಿತು, ನೀರಿಗೆ ನೀಲಿ ಜೆಲ್ ಹರಡಿತು. ಕಪ್ಪು ಪಿಗ್ಮೆಂಟ್ ಪೆನ್ ಎರಡರಲ್ಲೂ ಹಾಗೇ ಇತ್ತು, ಫಾಯಿಲ್ ಬಿಚ್ಚಿದಾಗ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಪ್ಪನ ಹಾಳೆಯಲ್ಲಿ ಓದಲು ಸಿಕ್ಕಷ್ಟು ಹೆಸರನ್ನು ಅದರಲ್ಲೇ ಬರೆದಿದ್ದೇನೆ. ಈ ಸಲ ಗೋಡೆಗೆ ಹಾಕಿಲ್ಲ, ಲ್ಯಾಮಿನೇಷನ್ ಕೂಡ ಮಾಡಿಸಿಲ್ಲ. ಆಸಿಡ್ ಫ್ರೀ ಫೋಲ್ಡರ್‌ನಲ್ಲಿಟ್ಟು ಬೀರುವಿನಲ್ಲಿ ಇಟ್ಟಿದ್ದೇನೆ.