ಮಾತುಕತೆ ಮಾಡೆಲ್‌ಗೆ ಗೊತ್ತು, ಹುಡುಕಾಟಕ್ಕೆ ಗೊತ್ತಿಲ್ಲ

“ಅಂಚೆ ಕಚೇರಿಯ ಉಳಿತಾಯ ಯೋಜನೆಗಳ ನಿಯಮಗಳನ್ನೆಲ್ಲ ಹಾಕಿ ಒಂದು ಚಾಟ್‌ಬಾಟ್ ಮಾಡಿದ್ದೇನೆ. ಮೊದಲ ಪ್ರಶ್ನೆಗೆ ಸರಿಯಾಗಿಯೇ ಹೇಳುತ್ತದೆ. ಎರಡನೇದು, ಮೂರನೇದು ಕೇಳಿದರೆ ಯಾವುದೋ ಬೇರೆ ಯೋಜನೆಯ ನಿಯಮ ತಂದಿಡುತ್ತದೆ. ಹಿಂದಿನ ಮಾತುಕತೆಯನ್ನೆಲ್ಲ ಮಾಡೆಲ್‌ಗೆ ಕೊಡುತ್ತಲೇ ಇದ್ದೇನಲ್ಲ ಸರ್, ಮತ್ತೆ ಯಾಕೆ ಹೀಗೆ?”
– ಓದುಗರು, ದಾವಣಗೆರೆ

ನೀವು ಮಾತುಕತೆ ಕೊಡುತ್ತಿರುವುದು ಉತ್ತರ ಬರೆಯುವ ಮಾಡೆಲ್‌ಗೆ. ಅದಕ್ಕೂ ಮೊದಲು ನಿಯಮಗಳ ರಾಶಿಯಿಂದ ನಾಲ್ಕೈದು ತುಣುಕು ಆರಿಸಿ ತರುವ ಹುಡುಕಾಟ ಇದೆಯಲ್ಲ, ಅದಕ್ಕೆ ಹೋಗುತ್ತಿರುವುದು ಕೊನೆಯ ಸಾಲು ಮಾತ್ರ. ತಪ್ಪು ತುಣುಕು ಕೈಗೆ ಬಂದ ಮೇಲೆ ಮಾಡೆಲ್ ಎಷ್ಟೇ ಜಾಣ ಆದರೂ ಏನು ಮಾಡುತ್ತೆ?

ನಿಮ್ಮ ಬಾಟ್‌ನಲ್ಲೇ ಹೀಗೊಂದು ಮಾತುಕತೆ ನಡೆಯಿತು ಅಂದುಕೊಳ್ಳಿ. ಒಬ್ಬರು “ಸುಕನ್ಯಾ ಸಮೃದ್ಧಿ ಖಾತೆಯಿಂದ ಮಗಳ ಓದಿಗೆ ದುಡ್ಡು ತೆಗೀಬಹುದಾ?” ಅಂತ ಕೇಳುತ್ತಾರೆ. ಹೌದು, ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಅಂತ ಉತ್ತರ ಬರುತ್ತದೆ. ಆಮೇಲೆ “ಪಿಪಿಎಫ್‌ನಲ್ಲಿ?” ಅಂತಾರೆ. ಅದಕ್ಕೂ ಹೌದು ಅಂತ ಬಂದ ಮೇಲೆ “ಎಷ್ಟು ವರ್ಷ ಆದ್ಮೇಲೆ?” ಅಂತಾರೆ. ಈ ಕೊನೆಯ ಮೂರು ಪದಗಳನ್ನ ಹಾಗೇ ಹುಡುಕಾಟಕ್ಕೆ ಹಾಕಿದರೆ, ವರ್ಷದ ಮಾತು ಎಲ್ಲೆಲ್ಲಿದೆಯೋ ಅದೆಲ್ಲ ಎದ್ದು ಬರುತ್ತದೆ: ಆರ್‌ಡಿಯನ್ನು 3 ವರ್ಷದ ನಂತರ ಮುಚ್ಚುವುದು, ಕಿಸಾನ್ ವಿಕಾಸ್ ಪತ್ರದ ಎರಡೂವರೆ ವರ್ಷ, ಸುಕನ್ಯಾದ 21 ವರ್ಷ. ಪಿಪಿಎಫ್ ಬಂದರೆ ಅದೃಷ್ಟ.

ಆದ್ದರಿಂದ ಹುಡುಕಾಟಕ್ಕೆ ಮೊದಲು ಒಂದು ಪುಟ್ಟ ಹೆಜ್ಜೆ ಸೇರಿಸಿ. ಹಿಂದಿನ ಎರಡು ಮೂರು ಸುತ್ತಿನ ಮಾತು ಮತ್ತು ಹೊಸ ಪ್ರಶ್ನೆಯನ್ನ ಒಂದು ಸಣ್ಣ ಮಾಡೆಲ್‌ಗೆ ಕೊಟ್ಟು, ಒಂಟಿಯಾಗಿ ಓದಿದರೂ ಅರ್ಥವಾಗುವ ಪ್ರಶ್ನೆ ಬರೆಸಿಕೊಳ್ಳಿ. ಬಾಟ್ ಕೊಟ್ಟ ಉತ್ತರಗಳೂ ಅದರಲ್ಲಿರಲಿ, ಜನ “ಎರಡನೇದು ಹೇಳಿ” ಅಂತಾರಲ್ಲ, ಆ ಎರಡನೇದು ಇರುವುದು ಉತ್ತರದೊಳಗೆ.

```
ಕೆಳಗಿನ ಮಾತುಕತೆ ನೋಡಿ ಕೊನೆಯ ಪ್ರಶ್ನೆಯನ್ನು
ತಾನಾಗಿ ಅರ್ಥವಾಗುವಂತೆ ಬರೆ. ಉತ್ತರ ಕೊಡಬೇಡ.
ಮಾತುಕತೆಯಲ್ಲಿ ಇಲ್ಲದ ವಿವರ ಸೇರಿಸಬೇಡ.
ಈಗಾಗಲೇ ಪೂರ್ತಿ ಇದ್ದರೆ ಹಾಗೇ ವಾಪಸ್ ಕೊಡು.
```

ಬರಬೇಕಾದ್ದು ಇದು: “ಪಿಪಿಎಫ್ ಖಾತೆ ತೆರೆದು ಎಷ್ಟು ವರ್ಷ ಆದ ಮೇಲೆ ಅದರಿಂದ ಹಣ ತೆಗೆಯಬಹುದು?” ಇದಕ್ಕೆ ಏಳನೇ ಹಣಕಾಸು ವರ್ಷದಿಂದ ತೆಗೆಯಬಹುದು ಅನ್ನುವ ತುಣುಕು ಸಿಗುತ್ತದೆ.

ಆದರೆ ಕೆಲವು ಸಲ ಮಾಡೆಲ್ “ಮಗಳ ಓದಿಗಾಗಿ ಪಿಪಿಎಫ್‌ನಿಂದ ಎಷ್ಟು ವರ್ಷದ ನಂತರ...” ಅಂತ ಬರೆಯುತ್ತದೆ. ನೋಡಲು ಸರಿಯಾಗೇ ಇದೆ, ಅಲ್ವಾ? ತೊಂದರೆ ಏನೆಂದರೆ ಪಿಪಿಎಫ್‌ನಲ್ಲಿ ಉನ್ನತ ಶಿಕ್ಷಣಕ್ಕೆ ಅಂತ ಬೇರೆಯೇ ಒಂದು ನಿಯಮ ಇದೆ. ಅದು ಖಾತೆಯನ್ನೇ ಅವಧಿಗೆ ಮುಂಚೆ ಮುಚ್ಚುವುದು, ಬಡ್ಡಿಯಲ್ಲಿ ಶೇ. 1 ಕಡಿತವೂ ಉಂಟು. “ಓದಿಗಾಗಿ” ಅನ್ನುವ ಒಂದು ಪದ ಹುಡುಕಾಟವನ್ನ ಆ ಕಡೆ ಎಳೆದುಬಿಡುತ್ತದೆ. ಕೇಳಿದವರಿಗೆ ಬೇಕಾಗಿದ್ದದ್ದು ಅದೇ ಇರಬಹುದು, ಇಲ್ಲದೆಯೂ ಇರಬಹುದು. ಇಂಥ ಕಡೆ ನಾನಾದರೆ ಎರಡೂ ರೂಪ ಬರೆಸಿ ಎರಡಕ್ಕೂ ಹುಡುಕಿಸುತ್ತೇನೆ, ಎರಡೂ ನಿಯಮ ಮುಂದಿದ್ದಾಗ ಉತ್ತರ ಬರೆಯುವ ಮಾಡೆಲ್ ವ್ಯತ್ಯಾಸ ಹೇಳಲಿ. ಬರೀ ಊಹೆ ಮಾಡಿ ಒಂದನ್ನೇ ಹಿಡಿಯುವುದು ದುಡ್ಡಿನ ವಿಷಯದಲ್ಲಿ ಬೇಡ.

ಇನ್ನೊಂದು ಕಾಟ, ವಿಷಯ ಬದಲಾದಾಗ. “ಕಿಸಾನ್ ವಿಕಾಸ್ ಪತ್ರಕ್ಕೆ ಈಗ ಬಡ್ಡಿ ಎಷ್ಟು?” ಅಂತ ಕೇಳಿದರೆ ಅದು ಪೂರ್ತಿ ಪ್ರಶ್ನೆ, ಮುಟ್ಟುವ ಹಾಗಿಲ್ಲ. ಆದರೂ ಮಾಡೆಲ್ ಸುಮ್ನೆ ಇರದೆ ಪಿಪಿಎಫ್ ಹೆಸರನ್ನ ಒಳಗೆ ತೂರಿಸಬಹುದು, ಅಥವಾ “ಈಗ” ಅನ್ನುವ ಜಾಗದಲ್ಲಿ ತನಗೆ ತೋಚಿದ ಯಾವುದೋ ಹಳೇ ಇಸವಿ ಹಾಕಬಹುದು. ಬಡ್ಡಿದರವನ್ನ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಹಾಗಾಗಿ ಹಳೇ ಇಸವಿ ಸೇರಿದರೆ ಹಳೇ ಸುತ್ತೋಲೆಯೇ ಮೇಲೆ ಬರುತ್ತದೆ. ಸೂಚನೆಯ ಜೊತೆ ಇಂಥ ಎರಡು ಮೂರು ಮಾದರಿ ಕೊಡಿ, ಅದರಲ್ಲಿ ಒಂದಾದರೂ ‘ಬದಲಿಸದೆ ಬಿಟ್ಟದ್ದು’ ಇರಲಿ. ಪ್ರತಿ ಸಲ ಬೇರೆ ಬೇರೆ ರೀತಿ ಬರೆಯದಿರಲಿ ಅಂತ ಮಾಡೆಲ್‌ನ ಟೆಂಪರೇಚರ್ 0 ಇಡಿ.

ತಪ್ಪು ಎಲ್ಲಿ ಅಂತ ತಿಳಿಯಲು ಲಾಗ್‌ನಲ್ಲಿ ಮೂಲ ಪ್ರಶ್ನೆ, ತಿದ್ದಿ ಬರೆದ ಪ್ರಶ್ನೆ, ಬಂದ ತುಣುಕುಗಳು ಮೂರನ್ನೂ ಪಕ್ಕಪಕ್ಕ ಉಳಿಸಿ. ಉತ್ತರ ಕೆಟ್ಟಾಗ ಆ ಪ್ರಶ್ನೆಯನ್ನ ನೀವೇ ಕೈಯಾರೆ ಚೆನ್ನಾಗಿ ಬರೆದು ಹುಡುಕಿ ನೋಡಿ. ಆಗ ಸರಿಯಾದ ತುಣುಕು ಬಂದರೆ ದೋಷ ತಿದ್ದಿ ಬರೆಯುವ ಹೆಜ್ಜೆಯಲ್ಲಿದೆ. ಆಗಲೂ ಬರದಿದ್ದರೆ ಸೂಚನೆ ತಿದ್ದುತ್ತಾ ಕೂರಬೇಡಿ. ನಿಯಮಗಳನ್ನ ತುಣುಕು ಮಾಡಿದ ರೀತಿ ನೋಡಿ, ಯೋಜನೆಯ ಹೆಸರು ಪುಟದ ತಲೆಬರಹದಲ್ಲಿ ಮಾತ್ರ ಉಳಿದು ತುಣುಕಿನೊಳಗೆ ಇಲ್ಲದೇ ಹೋಗಿರುವುದು ತುಂಬಾ ಸಾಮಾನ್ಯ.

ತಿದ್ದಿದ ಪ್ರಶ್ನೆ ಹುಡುಕಾಟಕ್ಕೆ ಮಾತ್ರ ಸಾಕು. ಉತ್ತರ ಬರೆಯುವ ಮಾಡೆಲ್‌ಗೆ ಬಳಕೆದಾರರ ಸ್ವಂತ ಮಾತು, ಹಿಂದಿನ ಮಾತುಕತೆ ಈಗಿನಂತೆಯೇ ಹೋಗಲಿ, ಆಗ ತಿದ್ದುವಾಗ ಏನಾದರೂ ಎಡವಟ್ಟಾಗಿದ್ದರೂ ಅದಕ್ಕೆ ಗೊತ್ತಾಗುವ ಅವಕಾಶ ಇರುತ್ತದೆ. ಪ್ರತಿ ಪ್ರಶ್ನೆಗೂ ಒಂದು ಮಾಡೆಲ್ ಕರೆ ಜಾಸ್ತಿ ಆಗುತ್ತದೆ, ಸ್ವಲ್ಪ ತಡವೂ ಆಗುತ್ತದೆ. ಮಾತುಕತೆಯ ಮೊದಲ ಪ್ರಶ್ನೆಗಂತೂ ಈ ಹೆಜ್ಜೆಯೇ ಬೇಡ, “ಥ್ಯಾಂಕ್ಸ್” ಅಂದವರಿಗೆ ಹುಡುಕಾಟವೂ ಬೇಡ.