ಡೆಲಿವರಿ ತಡವಾದಾಗ ಗ್ರಾಹಕರಿಗೆ ಬರೆಯುವ ಮೇಲ್

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ಪುಸ್ತಕದ ಕಪಾಟುಗಳನ್ನು ಮಾರುತ್ತೇನೆ. ಮಾರ್ಚ್ 12ರೊಳಗೆ ತಲುಪಬೇಕಿದ್ದ ಕೆಲವು ಆರ್ಡರ್‌ಗಳು ತಡವಾಗಿವೆ. ಗ್ರಾಹಕರಿಗೆ ಹೀಗೆ ಬರೆದಿದ್ದೇನೆ: “ಸಾಗಣೆಯ ಸಮಸ್ಯೆ ಹಾಗೂ ಅನಿರೀಕ್ಷಿತ ಬೇಡಿಕೆಯಿಂದಾಗಿ ವಿಳಂಬವಾಗಿದೆ. ನಮ್ಮ ನಿಯಮಗಳಲ್ಲಿ ತಿಳಿಸಿರುವಂತೆ ಡೆಲಿವರಿ ದಿನಾಂಕ ಅಂದಾಜು ಮಾತ್ರ. ಅನನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ. ದಯವಿಟ್ಟು ಸಹಕರಿಸಿ.” ಇದನ್ನು ಓದಿದ ಸ್ನೇಹಿತೆ, ಜಗಳಕ್ಕೆ ನಿಂತ ಹಾಗಿದೆ ಎಂದಳು. ಎಲ್ಲೆಲ್ಲಿ ತಿದ್ದಬೇಕು?

ಉತ್ತರ: ಮೊದಲು ನಿಯಮಗಳ ವಾಕ್ಯವನ್ನು ತೆಗೆದುಹಾಕಿ. ಅದು ನಿಜವೇ ಇರಬಹುದು, ಆದರೆ ಗ್ರಾಹಕರು ಇನ್ನೂ ದೂರು ಕೊಡುವ ಮೊದಲೇ ನೀವು ವಾದಕ್ಕೆ ಸಿದ್ಧರಾಗಿರುವಂತೆ ಅದು ತೋರಿಸುತ್ತದೆ. “ಅನನುಕೂಲವಾಗಿದ್ದಲ್ಲಿ” ಎಂಬುದರ ತೊಂದರೆಯೂ ಇಂಥದ್ದೇ: ಹಣ ಕೊಟ್ಟು ಕಾಯುತ್ತಿರುವವರಿಗೆ ನಿಜವಾಗಿ ತೊಂದರೆಯಾಗಿದೆಯೇ ಎಂದು ನೀವು ಅನುಮಾನಿಸಿದಂತಾಗುತ್ತದೆ. ಇನ್ನು “ಸಹಕರಿಸಿ” ಎಂಬ ಮಾತು, ಕೆಲಸ ಮಾಡಬೇಕಾದವರು ನೀವಾಗಿರುವಾಗ, ಹೊರೆಯನ್ನು ಅವರ ಮೇಲೆ ಹಾಕುತ್ತದೆ.

ಕಾರಣವನ್ನು ಹೇಳಲೇಬಾರದೆಂದೇನಿಲ್ಲ, ಅದು ಕ್ಷಮೆಯ ನಂತರ, ಒಂದೇ ವಾಕ್ಯದಲ್ಲಿ ಬರಲಿ. ಬರೆಯುವ ಮೊದಲು ಗೋದಾಮಿನಲ್ಲಿ ವಿಚಾರಿಸಿ. ಕಪಾಟುಗಳು ಇನ್ನೂ ಅಲ್ಲಿಯೇ ಇದ್ದರೆ ಸಾಗಣೆಯವರ ಹೆಸರು ಎತ್ತಬೇಡಿ, ಏಕೆಂದರೆ ಟ್ರ್ಯಾಕಿಂಗ್ ಪುಟವನ್ನು ತೆರೆದು ನೋಡಿದ ಗ್ರಾಹಕರಿಗೆ ಸರಕು ಹೊರಟೇ ಇಲ್ಲವೆಂಬುದು ಕೂಡಲೇ ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಗ್ರಾಹಕರು ತಿಳಿಯಬಯಸುವ ಒಂದೇ ಸಂಗತಿ, ಅಂದರೆ ಹೊಸ ದಿನಾಂಕ, ನಿಮ್ಮ ಕರಡಿನಲ್ಲಿ ಇಲ್ಲ. ಸಾಗಣೆಯವರು 18ಕ್ಕೆ ತಲುಪಿಸುತ್ತೇವೆ ಎಂದರೆ ನೀವು 20 ಎಂದು ಬರೆಯಿರಿ. ಎರಡನೆಯ ಬಾರಿ ಮಾತು ತಪ್ಪಿದರೆ ಯಾವ ಕ್ಷಮಾಪಣೆಯೂ ಕೆಲಸಕ್ಕೆ ಬಾರದು. ದಿನಾಂಕ ಖಚಿತವಿಲ್ಲದಿದ್ದರೆ, ಮುಂದಿನ ಮಾಹಿತಿಯನ್ನು ಯಾವ ದಿನ ಕೊಡುವಿರಿ ಎಂಬುದನ್ನಾದರೂ ತಿಳಿಸಿ.

ಸರಕು ಗೋದಾಮಿನಲ್ಲಿಯೇ ಇದೆ ಎಂದಿಟ್ಟುಕೊಂಡರೆ, ತಿದ್ದಿದ ಮೇಲ್ ಹೀಗಿರಬಹುದು:

“ಮಾರ್ಚ್ 12ರೊಳಗೆ ನಿಮ್ಮನ್ನು ತಲುಪಬೇಕಿದ್ದ ಪುಸ್ತಕದ ಕಪಾಟನ್ನು ನಾವು ಇನ್ನೂ ಕಳುಹಿಸಿಲ್ಲ. ನಿಮ್ಮನ್ನು ಕಾಯಿಸಿದ್ದಕ್ಕೆ, ಮೊದಲೇ ತಿಳಿಸದಿದ್ದಕ್ಕೆ ಕ್ಷಮೆ ಕೋರುತ್ತೇವೆ. ನಮ್ಮಲ್ಲಿದ್ದ ದಾಸ್ತಾನಿಗಿಂತ ಹೆಚ್ಚು ಆರ್ಡರ್‌ಗಳನ್ನು ನಾವು ತೆಗೆದುಕೊಂಡೆವು. ನಿಮ್ಮ ಕಪಾಟು 16ರಂದು ಹೊರಟು 20ರೊಳಗೆ ತಲುಪುತ್ತದೆ. ಅಲ್ಲಿಯವರೆಗೆ ಕಾಯಲು ಆಗದಿದ್ದರೆ ಈ ಮೇಲ್‌ಗೆ ‘ರದ್ದು ಮಾಡಿ’ ಎಂದು ಉತ್ತರಿಸಿ. ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ.”

“ಅನಿರೀಕ್ಷಿತ ಬೇಡಿಕೆ” ಎಂದಾಗ ತಪ್ಪು ಬೇಡಿಕೆಯದಾಗಿತ್ತು. “ನಾವು ತೆಗೆದುಕೊಂಡೆವು” ಎಂದಾಗ ಅದೇ ಸಂಗತಿಗೆ ಹೊಣೆಗಾರರು ಸಿಕ್ಕಿದರು. ರಿಯಾಯಿತಿ ಕೂಪನ್ ಸೇರಿಸುವ ಆಸೆಯಾದರೆ ಈ ಮೇಲ್‌ನಲ್ಲಿ ಬೇಡ. ಮೊದಲ ಸರಕೇ ಕೈಸೇರದವರಿಗೆ ಮತ್ತೆ ಖರೀದಿಸಿ ಎಂದಂತಾಗುತ್ತದೆ.

ವಿಷಯದ ಸಾಲಿನಲ್ಲಿ “ಮುಖ್ಯ ಮಾಹಿತಿ” ಎನ್ನುವ ಬದಲು “ನಿಮ್ಮ ಕಪಾಟು ತಡವಾಗಿದೆ, ಹೊಸ ದಿನಾಂಕ ಮಾರ್ಚ್ 20” ಎಂದೇ ಹಾಕಿ. ಸರಕು ಈಗಾಗಲೇ ದಾರಿಯಲ್ಲಿರುವ ಗ್ರಾಹಕರನ್ನು ಪಟ್ಟಿಯಿಂದ ಬೇರ್ಪಡಿಸಿ, ಅವರಿಗೆ ಟ್ರ್ಯಾಕಿಂಗ್ ಸಂಖ್ಯೆಯೊಂದಿಗೆ ಬೇರೆಯೇ ಮೇಲ್ ಬರೆಯಿರಿ. ಉತ್ತರ ಸ್ವೀಕರಿಸದ ವಿಳಾಸದಿಂದ ಮಾತ್ರ ಕಳುಹಿಸಬೇಡಿ.